ದ್ವೀಪಗಳಾಗಿ ಕಂಡ ಜನ

2024ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆ ಅಮೆರಿಕದ ‘ಆಲ್ ಆಫ್ ಅಸ್’ ಯೋಜನೆಯ ಪ್ರಬಂಧವೊಂದನ್ನು ಪ್ರಕಟಿಸಿತು. ಹತ್ತು ಲಕ್ಷ ಜನರ ತಳಿ ಮಾಹಿತಿಯನ್ನೂ ಆರೋಗ್ಯದ ದಾಖಲೆಯನ್ನೂ ಒಟ್ಟುಗೂಡಿಸುವುದು ಆ ಯೋಜನೆಯ ಗುರಿ. ಅದನ್ನು ನಡೆಸುತ್ತಿರುವುದು ಅಲ್ಲಿನ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆ. ಪ್ರಬಂಧದಲ್ಲಿ 2,45,388 ಜನರ ಪೂರ್ಣ ಜಿನೋಮ್‌ಗಳ ವಿಶ್ಲೇಷಣೆಯಿತ್ತು. ಅದುವರೆಗೆ ಎಲ್ಲೂ ದಾಖಲಾಗದ 27.5 ಕೋಟಿಗೂ ಹೆಚ್ಚು ತಳಿ ವ್ಯತ್ಯಾಸಗಳು ಅದರಲ್ಲಿ ಸಿಕ್ಕಿದ್ದವು. ಜಿನೋಮ್ ಸಂಶೋಧನೆ ಬಹುಕಾಲ ಯುರೋಪಿಯನ್ ಮೂಲದವರ ಸುತ್ತಲೇ ಸುತ್ತುತ್ತಿತ್ತು. ಈ ಯೋಜನೆಯಲ್ಲಿ ಪಾಲ್ಗೊಂಡವರಲ್ಲಿ ನೂರಕ್ಕೆ 77ರಷ್ಟು ಮಂದಿ ವೈದ್ಯಕೀಯ ಸಂಶೋಧನೆಯಲ್ಲಿ ಹಿಂದೆಂದೂ ತಕ್ಕ ಪಾಲು ಸಿಗದ ಸಮುದಾಯಗಳವರು. ಇಷ್ಟೆಲ್ಲ ಒಳ್ಳೆಯ ಸುದ್ದಿಯಿದ್ದ ಪ್ರಬಂಧ ವಿವಾದಕ್ಕೆ ಸಿಕ್ಕಿದ್ದು ಒಂದು ಚಿತ್ರದಿಂದ.

ಆ ಚಿತ್ರದಲ್ಲಿ ಒಬ್ಬೊಬ್ಬ ವ್ಯಕ್ತಿಗೂ ಒಂದೊಂದು ಚುಕ್ಕೆ. ಚುಕ್ಕೆಗಳು ಬಿಳಿ ಹಾಳೆಯ ಮೇಲೆ ದ್ವೀಪಗಳಂತೆ ಗುಂಪುಗೂಡಿದ್ದವು, ದ್ವೀಪಗಳ ನಡುವೆ ಖಾಲಿ ಜಾಗವಿತ್ತು. ಬಣ್ಣ ಬಳಿದದ್ದು ಜನ ತಮ್ಮ ಜನಾಂಗವೆಂದು ಹೇಳಿಕೊಂಡ ಹೆಸರಿಗೆ ಅನುಸಾರವಾಗಿ. ನೋಡಿದ ಕಣ್ಣಿಗೆ ತಕ್ಷಣ ಹೊಳೆಯುವುದು ಒಂದೇ ಮಾತು: ಬಿಳಿಯರು, ಕರಿಯರು, ಏಷ್ಯನ್ನರು, ಹಿಸ್ಪಾನಿಕ್ ಜನ, ಇವರೆಲ್ಲ ಪ್ರಕೃತಿಯೇ ಗೆರೆ ಎಳೆದು ಬೇರ್ಪಡಿಸಿದ ಗುಂಪುಗಳು. ಹಲವು ತಳಿವಿಜ್ಞಾನಿಗಳು ಕೂಡಲೇ ಆಕ್ಷೇಪ ಎತ್ತಿದರು. ಜನಾಂಗಭೇದವನ್ನು ವಿಜ್ಞಾನದ ಹೆಸರಿನಲ್ಲಿ ಸಮರ್ಥಿಸುವವರ ಕೈಗೆ ಇದು ಸಿದ್ಧ ಅಸ್ತ್ರವಾಗುತ್ತದೆ ಎಂಬುದು ಅವರ ಆತಂಕ. ಅದೇ ತಿಂಗಳು ನೇಚರ್ ಪತ್ರಿಕೆಯ ಸುದ್ದಿ ವಿಭಾಗವೇ ಈ ಅಸಮಾಧಾನವನ್ನು ವರದಿ ಮಾಡಿತು.

ದತ್ತಾಂಶದಲ್ಲಿ ಸುಳ್ಳಿರಲಿಲ್ಲ, ಲೆಕ್ಕದಲ್ಲೂ ತಪ್ಪಿರಲಿಲ್ಲ. ಚಿತ್ರ ಬರೆದ ವಿಧಾನದ ಹೆಸರು ಯೂಮ್ಯಾಪ್. ಅದರ ಅಣ್ಣನಂತಿರುವ ಇನ್ನೊಂದು ವಿಧಾನ ಟಿ-ಸ್ನೀ. ಇಂದು ಜೀವಕೋಶಗಳ ಅಧ್ಯಯನದಿಂದ ಹಿಡಿದು ಪತ್ರಿಕಾ ಲೇಖನಗಳ ವಿಂಗಡಣೆಯವರೆಗೆ ಎಲ್ಲಿ ಬಣ್ಣಬಣ್ಣದ ಚುಕ್ಕೆಗಳ ದ್ವೀಪಸಮೂಹ ಕಂಡರೂ ಹಿಂದೆ ಇವೆರಡರಲ್ಲಿ ಒಂದು ಇರುವ ಸಾಧ್ಯತೆ ಹೆಚ್ಚು. ಇವು ಏನನ್ನು ಉಳಿಸಿಕೊಳ್ಳುತ್ತವೆ, ಏನನ್ನು ಕೈಬಿಡುತ್ತವೆ ಎಂಬುದು ತಿಳಿದರೆ ಆ ಚಿತ್ರ ಎಲ್ಲಿ ದಾರಿ ತಪ್ಪಿಸಿತೆಂದು ನಾವೇ ಹೇಳಬಹುದು. ಅದಕ್ಕೆ ಗಣಿತದ ಪದವಿ ಬೇಕಿಲ್ಲ.

ಮೊದಲು ದತ್ತಾಂಶದ ರೂಪ ನೋಡೋಣ. ನಮ್ಮ ಜಿನೋಮಿನಲ್ಲಿ ಜನರಿಂದ ಜನರಿಗೆ ಬದಲಾಗುವ ಲಕ್ಷಾಂತರ ತಾಣಗಳಿವೆ. ಒಂದು ತಾಣದಲ್ಲಿ ಒಂದು ನಿರ್ದಿಷ್ಟ ಬದಲಾವಣೆಯ ಎಷ್ಟು ಪ್ರತಿಗಳಿವೆ ಎಂದು ಕೇಳಿದರೆ ಉತ್ತರ 0, 1 ಅಥವಾ 2. ಎರಡು ಪ್ರತಿ ಯಾಕೆಂದರೆ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದಿರುತ್ತದೆ. ಹೀಗೆ ಒಬ್ಬ ವ್ಯಕ್ತಿ ಎಂದರೆ ಲಕ್ಷಗಟ್ಟಲೆ ಅಂಕಿಗಳ ಒಂದು ಉದ್ದ ಪಟ್ಟಿ. ಪಟ್ಟಿಯ ಒಂದೊಂದು ಅಂಕಿಯೂ ಒಂದೊಂದು ಆಯಾಮ. ಎರಡು ಅಂಕಿಯಿದ್ದರೆ ಹಾಳೆಯ ಮೇಲೆ ಚುಕ್ಕೆ ಇಡಬಹುದು, ಮೂರಿದ್ದರೆ ಕೋಣೆಯೊಳಗೆ ಇಡಬಹುದು. ಲಕ್ಷ ಅಂಕಿಗಳಿಗೆ ಲಕ್ಷ ಆಯಾಮಗಳ ಜಾಗ ಬೇಕು. ಅದನ್ನು ಯಾರೂ ಕಣ್ಣಾರೆ ಕಾಣಲಾರರು, ಆದರೆ ಅಲ್ಲಿ ಇಬ್ಬರ ನಡುವಿನ ದೂರವನ್ನು ಲೆಕ್ಕ ಹಾಕಬಹುದು.

ಆ ದೂರಗಳನ್ನೆಲ್ಲ ಹಾಳೆಗೆ ಇಳಿಸಲು ಹೊರಟರೆ ಶುರುವಿನಲ್ಲೇ ಗೋಡೆ ಎದುರಾಗುತ್ತದೆ. ಹಾಳೆಯ ಮೇಲೆ ಪರಸ್ಪರ ಸಮದೂರದಲ್ಲಿ ಮೂರು ಚುಕ್ಕೆ ಇಡಬಹುದು, ಸಮಬಾಹು ತ್ರಿಭುಜವಾಗುತ್ತದೆ. ನಾಲ್ಕನೆಯದನ್ನೂ ಅಷ್ಟೇ ದೂರದಲ್ಲಿಡಲು ಹಾಳೆಯಿಂದ ಮೇಲೇಳಬೇಕು. ಹತ್ತು ಆಯಾಮಗಳಲ್ಲಿ ಹಾಗೆ ಹನ್ನೊಂದು ಚುಕ್ಕೆಗಳು ನಿಲ್ಲುತ್ತವೆ, ಲಕ್ಷ ಆಯಾಮಗಳಲ್ಲಿ ಲಕ್ಷದ ಮೇಲೊಂದು. ಅಂಥ ಹನ್ನೊಂದು ಚುಕ್ಕೆಗಳನ್ನು ಹಾಳೆಗೆ ತಂದಾಗ ಕೆಲವು ಹತ್ತಿರವೂ ಕೆಲವು ದೂರವೂ ಕಾಣಲೇಬೇಕು. ಯಾವ ಜಾಣ ಸೂತ್ರವೂ ಇದನ್ನು ತಪ್ಪಿಸಲಾರದು. ಹಾಗಾಗಿ ಹಾಳೆಗೆ ಇಳಿಸುವ ಪ್ರತಿಯೊಂದು ವಿಧಾನವೂ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡಿರುತ್ತದೆ.

ಹಳೆಯ ವಿಧಾನದ ಹೆಸರು ಪಿಸಿಎ. ಇದರ ಬೇರು ಕಾರ್ಲ್ ಪಿಯರ್ಸನ್ 1901ರಲ್ಲಿ ಬರೆದ ಪ್ರಬಂಧದಲ್ಲಿದೆ. ಚುಕ್ಕೆಗಳು ಅತಿ ಹೆಚ್ಚು ಹರಡಿಕೊಂಡ ದಿಕ್ಕನ್ನು ಹುಡುಕಿ, ಅದಕ್ಕೆ ಲಂಬವಾಗಿ ಅತಿ ಹೆಚ್ಚು ಹರಡಿದ ಇನ್ನೊಂದು ದಿಕ್ಕನ್ನು ಹುಡುಕಿ, ಆ ಎರಡು ದಿಕ್ಕುಗಳ ಮೇಲೆ ಎಲ್ಲರ ನೆರಳನ್ನು ಬೀಳಿಸುತ್ತದೆ. ಇದರ ದೊಡ್ಡ ಗುಣವೆಂದರೆ ಬೆರಕೆಯನ್ನು ಇದು ಬೆರಕೆಯಾಗಿಯೇ ತೋರಿಸುತ್ತದೆ. ಒಂದು ತಾಣದ ಬದಲಾವಣೆ ಒಂದು ಸಮುದಾಯದಲ್ಲಿ ಸರಾಸರಿ 1.8 ಪ್ರತಿಗಳಷ್ಟಿದೆ, ಇನ್ನೊಂದರಲ್ಲಿ 0.2 ಪ್ರತಿಗಳಷ್ಟಿದೆ ಎಂದುಕೊಳ್ಳಿ. ಒಂದರಿಂದ ತಾಯಿ, ಇನ್ನೊಂದರಿಂದ ತಂದೆ ಬಂದ ಮಕ್ಕಳಲ್ಲಿ ಸರಾಸರಿ 1 ಇರುತ್ತದೆ. ಲಕ್ಷ ತಾಣಗಳಲ್ಲೂ ಹೀಗೇ ಆಗುವುದರಿಂದ ಪಿಸಿಎ ಚಿತ್ರದಲ್ಲಿ ಆ ಮಗುವಿನ ಚುಕ್ಕೆ ಎರಡು ಗುಂಪುಗಳ ಹೆಚ್ಚುಕಡಿಮೆ ನಡುವೆ ಬೀಳುತ್ತದೆ. ತಲೆಮಾರುಗಳ ಬೆರಕೆಯಿದ್ದರೆ ನಡುವಿನ ದಾರಿಯುದ್ದಕ್ಕೂ ಚುಕ್ಕೆಗಳು ಚೆಲ್ಲಿರುತ್ತವೆ. ದೋಷವೂ ಇದೆ. ಎರಡೇ ದಿಕ್ಕುಗಳಲ್ಲಿ ಒಟ್ಟು ವ್ಯತ್ಯಾಸದ ಸಣ್ಣ ಭಾಗ ಮಾತ್ರ ಹಿಡಿಯುತ್ತದೆ. ಮೂರನೆಯ, ಎಂಟನೆಯ ದಿಕ್ಕಿನಲ್ಲಿ ಬೇರೆಯಾಗಿ ನಿಂತವರು ಈ ನೆರಳಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ.

ಆ ಕೊರತೆಯನ್ನು ನೀಗಿಸಲೆಂದೇ ಹೊಸ ವಿಧಾನಗಳು ಹುಟ್ಟಿದವು. 2002ರಲ್ಲಿ ಜೆಫ್ರಿ ಹಿಂಟನ್ ಮತ್ತು ಸ್ಯಾಮ್ ರೋವೈಸ್ ಒಂದು ಹೊಸ ದಾರಿ ತೋರಿಸಿದರು. 2008ರಲ್ಲಿ ಲಾರೆನ್ಸ್ ವಾನ್ ಡರ್ ಮಾಟೆನ್ ಮತ್ತು ಹಿಂಟನ್ ಅದನ್ನು ತಿದ್ದಿ ಟಿ-ಸ್ನೀ ರೂಪಿಸಿದರು. (2024ರ ಭೌತವಿಜ್ಞಾನ ನೊಬೆಲ್ ಹಂಚಿಕೊಂಡ ಹಿಂಟನ್ ಇವರೇ.) ಕೆನಡಾದ ಟಟ್ ಸಂಸ್ಥೆಯ ಲೆಲ್ಯಾಂಡ್ ಮ್ಯಾಕಿನ್ನೆಸ್ ಮತ್ತು ಜಾನ್ ಹೀಲಿ, ಜೊತೆಗೆ ಜೇಮ್ಸ್ ಮೆಲ್ವಿಲ್, 2018ರಲ್ಲಿ ಯೂಮ್ಯಾಪ್ ತಂದರು. ಅದು ಬೇಗ ಮುಗಿಯುತ್ತಿತ್ತು, ಲಕ್ಷಾಂತರ ಚುಕ್ಕೆಗಳನ್ನು ಸಲೀಸಾಗಿ ನಿಭಾಯಿಸುತ್ತಿತ್ತು. ಹಾಗಾಗಿ ಕೆಲವೇ ವರ್ಷಗಳಲ್ಲಿ ಎಲ್ಲೆಡೆ ಹರಡಿತು.

ಎರಡರ ತಿರುಳೂ ಒಂದೇ. ದೊಡ್ಡ ಮೈದಾನದಲ್ಲಿ ಸಾವಿರಾರು ಜನರನ್ನು ಬಿಟ್ಟು, ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಟ್ಟಿದ್ದೇವೆ ಎಂದುಕೊಳ್ಳಿ. ಅವರನ್ನು ಅತಿ ಹೆಚ್ಚು ಹೋಲುವ 15 ಜನರ ಹೆಸರು ಚೀಟಿಯಲ್ಲಿದೆ. ನಿಮ್ಮ ಚೀಟಿಯವರ ಪಕ್ಕ ನಿಲ್ಲಿ, ಚೀಟಿಯಲ್ಲಿ ಇಲ್ಲದವರಿಂದ ದೂರ ಸರಿಯಿರಿ, ಇಷ್ಟೇ ಸೂಚನೆ. ಎಲ್ಲರೂ ಒಮ್ಮೆಲೇ ಎಳೆದಾಡಿ, ತಳ್ಳಾಡಿ, ಇನ್ನು ಅಲುಗಾಡಲಾರೆವು ಎಂಬ ಸ್ಥಿತಿಗೆ ಬಂದಾಗ ಮೇಲಿನಿಂದ ತೆಗೆದ ಫೋಟೋವೇ ನಮ್ಮ ಚಿತ್ರ. ಯೂಮ್ಯಾಪ್‌ನಲ್ಲಿ ಈ 15 ಎಂಬುದು n_neighbors ಎಂಬ ಹೆಸರಿನ, ಬಳಸುವವರು ಬದಲಿಸಬಹುದಾದ ಅಂಕಿ. ಟಿ-ಸ್ನೀಯಲ್ಲಿ ಪರ್ಪ್ಲೆಕ್ಸಿಟಿ ಎಂಬ ಅಂಕಿ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ 30 ಇಡುತ್ತಾರೆ.

ಚೀಟಿಯಲ್ಲಿ ಬರೆದದ್ದೇನು, ಬರೆಯದೆ ಬಿಟ್ಟದ್ದೇನು ಎಂದು ಗಮನಿಸಿ. ಹದಿನೈದನೆಯ ನೆರೆಯವನು ನಿಜದಲ್ಲಿ ಎಷ್ಟು ದೂರದಲ್ಲಿದ್ದಾನೆ ಎಂಬುದು ಚೀಟಿಯಲ್ಲಿಲ್ಲ. ದಟ್ಟ ಗುಂಪಿನೊಳಗಿನವರ 15 ನೆರೆಯವರು ಅಂಟಿಕೊಂಡಂತೆ ಇರಬಹುದು, ವಿರಳ ಜಾಗದಲ್ಲಿರುವವರ 15 ನೆರೆಯವರು ಬಹುದೂರದಲ್ಲಿರಬಹುದು. ಎರಡೂ ವಿಧಾನಗಳು ಪ್ರತಿಯೊಬ್ಬರಿಗೂ ಅವರವರ ಸುತ್ತಲಿನ ದಟ್ಟಣೆಗೆ ತಕ್ಕ ಬೇರೆ ಬೇರೆ ಅಳತೆಗೋಲು ಕೊಡುತ್ತವೆ. ಹೀಗಾಗಿ ಬಿಗಿಯಾದ ಗುಂಪು ಚಿತ್ರದಲ್ಲಿ ಹಿಗ್ಗುತ್ತದೆ, ಸಡಿಲವಾದದ್ದು ಕುಗ್ಗುತ್ತದೆ. ಮಾರ್ಟಿನ್ ವಾಟನ್‌ಬರ್ಗ್, ಫರ್ನಾಂಡಾ ವಿಯೆಗಾಸ್ ಮತ್ತು ಇಯಾನ್ ಜಾನ್ಸನ್ 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನು ಎದ್ದು ಕಾಣುವಂತೆ ತೋರಿಸಿದರು. ಒಂದು ಗುಂಪನ್ನು ಇನ್ನೊಂದಕ್ಕಿಂತ ಹತ್ತು ಪಟ್ಟು ಹರಡಿಟ್ಟು ಟಿ-ಸ್ನೀಗೆ ಕೊಟ್ಟರೆ ಎರಡೂ ಒಂದೇ ಗಾತ್ರದವಾಗಿ ಹೊರಬರುತ್ತವೆ. ಚಿತ್ರದ ದ್ವೀಪ ದೊಡ್ಡದಿದೆ ಎಂದ ಮಾತ್ರಕ್ಕೆ ಅದರೊಳಗೆ ವೈವಿಧ್ಯ ಹೆಚ್ಚಿದೆ ಎನ್ನುವಂತಿಲ್ಲ. ಅಲ್ಲಿ ಜನ ಹೆಚ್ಚಿದ್ದಾರೆ ಎಂಬುದಷ್ಟೇ ಬಹುಮಟ್ಟಿಗೆ ಅದರ ಅರ್ಥ.

ಇನ್ನು ಖಾಲಿ ಜಾಗದ ಮಾತು. ಟಿ-ಸ್ನೀಯಲ್ಲಿ ಅದು ಹುಟ್ಟುವುದು ಸೂತ್ರದೊಳಗಿಂದಲೇ. ಮೂಲದ ಲಕ್ಷ ಆಯಾಮಗಳಲ್ಲಿ ಇಬ್ಬರ ನೆಂಟಸ್ತಿಕೆಯನ್ನು ಗಂಟೆಯಾಕಾರದ ಗಾಸಿಯನ್ ರೇಖೆಯಿಂದ ಅಳೆಯುತ್ತಾರೆ, ದೂರ ಹೆಚ್ಚಿದಂತೆ ಅದು ಬಹುಬೇಗ ಸೊನ್ನೆಗೆ ಇಳಿಯುತ್ತದೆ. ಹಾಳೆಯ ಮೇಲೆ ಅಳೆಯುವಾಗ ಬೇರೊಂದು ರೇಖೆ ಬಳಸುತ್ತಾರೆ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಬರೆದ ವಿಲಿಯಂ ಗಾಸೆಟ್ ಅವರ ಟಿ-ರೇಖೆ ಅದು, ಟಿ-ಸ್ನೀ ಎಂಬ ಹೆಸರಿನ ಮೊದಲ ಅಕ್ಷರ ಅಲ್ಲಿಂದ ಬಂದದ್ದು. ಈ ರೇಖೆ ನಿಧಾನವಾಗಿ ಇಳಿಯುತ್ತದೆ. ಅದರ ಪರಿಣಾಮ ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಬರೀ ಎರಡು ಸೂತ್ರಗಳನ್ನು ಹಿಡಿದು ನೋಡಿದರೆ, ಮೂಲದಲ್ಲಿ 1 ಅಳತೆ ದೂರವಿದ್ದವರು ಹಾಳೆಯ ಮೇಲೆ ಸುಮಾರು 1.3 ದೂರದಲ್ಲಿ ನಿಲ್ಲಬೇಕು, 2 ಅಳತೆ ದೂರದವರು ಸುಮಾರು 7ರಲ್ಲಿ, 3 ಅಳತೆ ದೂರದವರು ಸುಮಾರು 90ರಲ್ಲಿ. ನಿಜವಾದ ಚಿತ್ರದಲ್ಲಿ ಎಲ್ಲರ ಬೇಡಿಕೆಯನ್ನೂ ಪೂರೈಸಲಾಗದೆ ರಾಜಿ ಮಾಡಿಕೊಳ್ಳುವುದರಿಂದ ಅಂಕಿಗಳು ಇಷ್ಟು ವಿಪರೀತವಾಗುವುದಿಲ್ಲ, ಆದರೆ ತಳ್ಳಾಟದ ದಿಕ್ಕು ಇದೇ. ಸ್ವಲ್ಪ ದೂರದವರನ್ನು ಬಹುದೂರಕ್ಕೆ ಸರಿಸಿ ಹಾಳೆಯ ಮೇಲೆ ಜಾಗ ಮಾಡಿಕೊಡಲೆಂದೇ ಈ ರೇಖೆಯನ್ನು ಆರಿಸಿಕೊಂಡದ್ದು. ಯೂಮ್ಯಾಪ್‌ನ ಸೂತ್ರ ಬೇರೆಯಾದರೂ ಎಳೆತ ಮತ್ತು ತಳ್ಳಾಟದ ಸ್ವಭಾವ ಇದೇ ಜಾತಿಯದು, ಅದರ ದ್ವೀಪಗಳು ಹಲವು ಬಾರಿ ಇನ್ನೂ ಗಟ್ಟಿಯಾಗಿ ಮುದ್ದೆಗಟ್ಟುತ್ತವೆ.

ದ್ವೀಪ ದ್ವೀಪಗಳ ನಡುವಿನ ದೂರಕ್ಕೆ ಬೆಲೆ ಎಷ್ಟು? ಒಂದು ದ್ವೀಪದವರ ಚೀಟಿಯಲ್ಲಿ ಇನ್ನೊಂದು ದ್ವೀಪದ ಯಾರ ಹೆಸರೂ ಇಲ್ಲದಿದ್ದರೆ ಅವರ ನಡುವೆ ಉಳಿಯುವುದು ತಳ್ಳಾಟ ಒಂದೇ. ಆಗ ಯಾರು ಯಾರ ಪಕ್ಕಕ್ಕೆ ಬಂದರೆಂಬುದು ಬಹುತೇಕ ಅವರು ಮೊದಲು ಎಲ್ಲಿ ನಿಂತಿದ್ದರು ಎಂಬುದರ ಮೇಲೆ ನಿಂತಿದೆ. ಟಿ-ಸ್ನೀಗಿಂತ ಯೂಮ್ಯಾಪ್ ಒಟ್ಟು ರಚನೆಯನ್ನು ಚೆನ್ನಾಗಿ ಉಳಿಸುತ್ತದೆ ಎಂಬ ಮಾತು ಕೆಲವು ವರ್ಷ ಜೋರಾಗಿ ಓಡಾಡಿತು. 2021ರಲ್ಲಿ ಡಿಮಿಟ್ರಿ ಕೊಬಾಕ್ ಮತ್ತು ಜಾರ್ಜ್ ಲಿಂಡರ್‌ಮನ್ ಆ ಹೋಲಿಕೆಯನ್ನು ಮತ್ತೆ ಪರೀಕ್ಷಿಸಿದರು. ಯೂಮ್ಯಾಪ್‌ಗೆ ದತ್ತಾಂಶದಿಂದಲೇ ಲೆಕ್ಕ ಹಾಕಿದ ಆರಂಭದ ಜಾಗ ಸಿಕ್ಕಿತ್ತು, ಟಿ-ಸ್ನೀಯನ್ನು ಮನಬಂದಂತೆ ಚೆಲ್ಲಿದ ಚುಕ್ಕೆಗಳಿಂದ ಶುರು ಮಾಡಿಸಿದ್ದರು. ಎರಡಕ್ಕೂ ಒಂದೇ ಬಗೆಯ ಆರಂಭ ಕೊಟ್ಟಾಗ ವ್ಯತ್ಯಾಸ ಕರಗಿಹೋಯಿತು. ವಿಧಾನದ ಗುಣವೆಂದು ಹೊಗಳಿದ್ದು ಆರಂಭದ ಗುಣವಾಗಿತ್ತು.

ಈಗ ಅಮೆರಿಕದ ಚಿತ್ರಕ್ಕೆ ಬರೋಣ. ಆಫ್ರಿಕನ್ ಮೂಲದ ಅಮೆರಿಕನ್ನರ ಪೂರ್ವಜರಲ್ಲಿ ಯುರೋಪಿನವರೂ ಇದ್ದಾರೆ. ಸರಾಸರಿ ನೋಡಿದರೆ ಜಿನೋಮಿನ ಮುಕ್ಕಾಲು ಭಾಗಕ್ಕೆ ಆಚೀಚೆ ಆಫ್ರಿಕಾದ್ದು, ಉಳಿದದ್ದು ಬಹುಪಾಲು ಯುರೋಪಿನದು. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಈ ಪಾಲು ತುಂಬ ಬದಲಾಗುತ್ತದೆ. ಹಿಸ್ಪಾನಿಕ್ ಎಂದು ಕರೆದುಕೊಳ್ಳುವವರಲ್ಲಿ ಯುರೋಪ್, ಆಫ್ರಿಕಾ ಮತ್ತು ಅಮೆರಿಕದ ಮೂಲನಿವಾಸಿಗಳು, ಹೀಗೆ ಮೂರು ಮೂಲಗಳು ನಾನಾ ಪ್ರಮಾಣದಲ್ಲಿ ಸೇರಿವೆ. ಇದು ನಿಂತಲ್ಲಿ ನಿಲ್ಲದ, ಒಂದರೊಳಗೊಂದು ಹರಿಯುವ ದತ್ತಾಂಶ.

ಇಂಥ ಹರಿವು ಯೂಮ್ಯಾಪ್‌ನೊಳಗೆ ಹೋದರೆ ಏನಾಗುತ್ತದೆಂದು ತಿಳಿಯಲು ಒಂದು ಲೆಕ್ಕ ಮಾಡೋಣ. ಇಲ್ಲಿನ ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡವು. ಸಾವಿರ ಜನರನ್ನು ಅವರ ಆಫ್ರಿಕನ್ ವಂಶಮೂಲದ ಪಾಲಿಗೆ ತಕ್ಕಂತೆ 0ಯಿಂದ 100ರವರೆಗಿನ ಒಂದು ಗೆರೆಯ ಮೇಲೆ ನಿಲ್ಲಿಸಿ. ಮುನ್ನೂರು ಜನ 0 ಮತ್ತು 5ರ ನಡುವೆ ಇದ್ದಾರೆ. ಆರುನೂರು ಜನ 75 ಮತ್ತು 85ರ ನಡುವೆ ಇದ್ದಾರೆ. ಉಳಿದ ನೂರು ಜನ 5ರಿಂದ 75ರವರೆಗಿನ ಉದ್ದಕ್ಕೂ ಸಮನಾಗಿ ಹರಡಿದ್ದಾರೆ. 0ಯಿಂದ 85ರವರೆಗೆ ಗೆರೆ ಎಲ್ಲೂ ತುಂಡಾಗಿಲ್ಲ, ಪ್ರತಿ ಶೇಕಡಾ ಅಂಶದಲ್ಲೂ ಯಾರೋ ಒಬ್ಬರು ನಿಂತಿದ್ದಾರೆ.

ಈಗ ಪ್ರತಿಯೊಬ್ಬರೂ ತಮ್ಮ 15 ನೆರೆಯವರನ್ನು ಆರಿಸಲಿ. ದಟ್ಟವಾದ 75–85ರ ಭಾಗದಲ್ಲಿ ಒಂದು ಅಂಶದೊಳಗೆ 60 ಜನರಿರುವುದರಿಂದ 15 ಜನ ಕಾಲು ಅಂಶದೊಳಗೇ ಸಿಕ್ಕಿಬಿಡುತ್ತಾರೆ. ವಿರಳ ಭಾಗದಲ್ಲಿ 40ರ ಬಳಿ ನಿಂತವರಿಗೆ 15 ಜನ ಸಿಗಬೇಕಾದರೆ 35ರಿಂದ 45ರವರೆಗೆ, ಸುಮಾರು ಹತ್ತು ಅಂಶಗಳಷ್ಟು ಹುಡುಕಬೇಕು. ಒಬ್ಬರ ಅಳತೆಗೋಲು ಇನ್ನೊಬ್ಬರದಕ್ಕಿಂತ ನಲವತ್ತು ಪಟ್ಟು ಉದ್ದ. ಯೂಮ್ಯಾಪ್‌ಗೆ ಎರಡೂ ಒಂದೇ, ಎರಡೂ ‘ಪಕ್ಕದ ಮನೆ’. ಹಾಗಾಗಿ ಚಿತ್ರದಲ್ಲಿ ಜಾಗ ಹಂಚಿಕೆಯಾಗುವುದು ವಂಶಮೂಲದ ಅಂತರಕ್ಕೆ ತಕ್ಕಂತಲ್ಲ, ಬಹುಮಟ್ಟಿಗೆ ತಲೆ ಎಣಿಕೆಗೆ ತಕ್ಕಂತೆ. ಆರುನೂರು ಜನರ ಹತ್ತು ಅಂಶಗಳ ತುಣುಕು ಉಬ್ಬಿ ಮಹಾದ್ವೀಪವಾಗುತ್ತದೆ. ನೂರು ಜನರ ಎಪ್ಪತ್ತು ಅಂಶಗಳ ಹಾದಿ, ಅಂದರೆ ಇಡೀ ಗೆರೆಯ ಬಹುಪಾಲು, ಸಣ್ಣ ಎಳೆಯಾಗಿ ಸವೆಯುತ್ತದೆ. ಎರಡು ಬದಿಯ ದೊಡ್ಡ ಗುಂಪುಗಳು ಪರಸ್ಪರ ತಳ್ಳಾಡುವಾಗ ಆ ಎಳೆ ಹಿಂಜಿಹೋಗಬಹುದು, ತುಂಡಾಗಲೂಬಹುದು. ಬಿಡಿಯಾಗಿ ಉಳಿದ ಕೆಲವು ಚುಕ್ಕೆಗಳು ಲಕ್ಷಾಂತರ ಚುಕ್ಕೆಗಳ ಚಿತ್ರದಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಇದರ ಮೇಲೆ ಬಣ್ಣ ಬಳಿಯಿರಿ. ಗುಂಪಿಗೆ ಜನರನ್ನು ಸೇರಿಸಿಕೊಂಡ ಪ್ರಮಾಣ, ಸೂತ್ರದ ಸ್ವಭಾವ, ಜನರು ಅರ್ಜಿಯಲ್ಲಿ ಗುರುತು ಹಾಕಿದ ಹೆಸರು, ಈ ಮೂರೂ ಒಂದರ ಮೇಲೊಂದು ಕೂತಾಗ ಚಿತ್ರ ಒಂದು ಜನಾಂಗಕ್ಕೆ ಒಂದು ದ್ವೀಪ ಎಂದು ಹೇಳುವಂತೆ ತೋರುತ್ತದೆ. ಅದೇ ಮಿಶ್ರ ವಂಶದ ಮಗುವನ್ನು ಇಲ್ಲಿ ಹುಡುಕಿ ನೋಡಿ. ತಾಯಿ ಒಂದು ದ್ವೀಪದಲ್ಲಿ, ತಂದೆ ಇನ್ನೊಂದರಲ್ಲಿ. ಮಗು ನಡುವೆ ಇರಬೇಕೆಂಬ ನಿಯಮ ಈ ವಿಧಾನದಲ್ಲಿ ಎಲ್ಲೂ ಇಲ್ಲ. ತನ್ನಂಥ ಮಿಶ್ರ ವಂಶದವರು ಸಾಕಷ್ಟು ಮಂದಿ ಇದ್ದರೆ ಅವರೊಡನೆ ಮೂರನೆಯ ದ್ವೀಪ ಕಟ್ಟಿಕೊಂಡು ಮೂಲೆಯಲ್ಲಿ ನಿಲ್ಲಬಹುದು, ಮಂದಿ ಕಡಿಮೆಯಿದ್ದರೆ ಯಾವುದೋ ಒಂದು ದ್ವೀಪದ ಅಂಚಿಗೆ ಅಂಟಬಹುದು. ಕುಟುಂಬದ ಕಥೆಯಲ್ಲಿ ಎರಡು ಕಡೆಗೂ ಸೇತುವೆಯಾದವರು ಚಿತ್ರದಲ್ಲಿ ಮೂರನೆಯ ಜಾತಿಯಾಗಿಬಿಡುತ್ತಾರೆ. ನನಗೆ ಈ ಚಿತ್ರದ ವಿಷಯದಲ್ಲಿ ಅತಿ ಹೆಚ್ಚು ನೋವಾಗುವುದು ಇಲ್ಲಿಯೇ.

1972ರಲ್ಲಿ ರಿಚರ್ಡ್ ಲೆವೊಂಟಿನ್ ಮಾನವರ ತಳಿ ವ್ಯತ್ಯಾಸದಲ್ಲಿ ಸುಮಾರು ಶೇ. 85ರಷ್ಟು ಒಂದೊಂದು ಸಮುದಾಯದ ಒಳಗೇ ಇದೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಉಳಿದ ಸಣ್ಣ ಭಾಗವೂ ನಿಜವೇ, ಲಕ್ಷ ತಾಣಗಳನ್ನು ಕೂಡಿಸಿದರೆ ಅದರಿಂದ ವಂಶಮೂಲವನ್ನು ಗುರುತಿಸಲೂ ಬರುತ್ತದೆ. ಯೂಮ್ಯಾಪ್ ಆ ಸಣ್ಣ ಭಾಗವನ್ನು ಹುಡುಕಿ ಹಿಗ್ಗಿಸಿ ತೋರಿಸುವುದರಲ್ಲಿ ನಿಪುಣ. ಅದು ಸಣ್ಣದೆಂದು ಹೇಳುವ ಶಕ್ತಿ ಮಾತ್ರ ಅದಕ್ಕಿಲ್ಲ. 2025ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಹ್ಯೂಮನ್ ಜೆನೆಟಿಕ್ಸ್’ನಲ್ಲಿ ಬಂದ ಅಧ್ಯಯನವೊಂದು ಇದೇ ‘ಆಲ್ ಆಫ್ ಅಸ್’ ದತ್ತಾಂಶವನ್ನು ಬೇರೆ ರೀತಿಯಲ್ಲಿ ನೋಡಿತು. ಜನಾಂಗದ ಹೆಸರುಗಳ ಒಳಗೂ ಅಡ್ಡಲಾಗಿಯೂ ಕಂಡದ್ದು ಏರಿಳಿತದ ಹರಿವು, ಬೇಲಿ ಹಾಕಿದ ಗುಂಪುಗಳಲ್ಲ.

ಇಷ್ಟು ಹೇಳಿದ ಮೇಲೆ ಈ ವಿಧಾನಗಳನ್ನು ಎಸೆದುಬಿಡಬೇಕೇ? ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ತಾರಾ ಚಾರಿ ಮತ್ತು ಲಿಯರ್ ಪಾಕ್ಟರ್ ಹೆಚ್ಚುಕಡಿಮೆ ಹಾಗೆಯೇ ವಾದಿಸುತ್ತಾರೆ. 2023ರ ಪ್ರಬಂಧದಲ್ಲಿ ಅವರು ಜೀವಕೋಶಗಳ ದತ್ತಾಂಶವನ್ನು ಆನೆಯ ಆಕಾರದೊಳಗೆ ಕೂರಿಸಿದರು. ಮೂಲದ ದೂರಗಳನ್ನು ಉಳಿಸುವ ವಿಷಯದಲ್ಲಿ ಆ ಆನೆ ಟಿ-ಸ್ನೀ, ಯೂಮ್ಯಾಪ್ ಚಿತ್ರಗಳಿಗೆ ಸರಿಸಾಟಿಯಾಗಿಯೇ ಇತ್ತು. ಅವರ ಪ್ರಶ್ನೆಗೆ ತೂಕವಿದೆ. ಆದರೂ ಅಷ್ಟು ದೂರ ಹೋಗಲು ನನಗೆ ಮನಸ್ಸಿಲ್ಲ. ನಿಜವಾಗಿಯೂ ಬಿಡಿಬಿಡಿಯಾದ ಗುಂಪುಗಳಿದ್ದಾಗ ಈ ವಿಧಾನಗಳು ಪಿಸಿಎ ಕಾಣದ್ದನ್ನು ಕಾಣುತ್ತವೆ. ಕೈಬರಹದ ಅಂಕಿಗಳ ಪ್ರಸಿದ್ಧ ಸಂಗ್ರಹ ಎಂನಿಸ್ಟ್‌ನಲ್ಲಿ 70,000 ಚಿತ್ರಗಳಿವೆ, ಒಂದೊಂದರಲ್ಲೂ 784 ಬಿಂದುಗಳು. ಪಿಸಿಎಯ ಎರಡು ದಿಕ್ಕುಗಳಲ್ಲಿ ಅವು ಕಲಸುಮೇಲೋಗರವಾಗಿರುತ್ತವೆ. ಟಿ-ಸ್ನೀಯಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಗುಂಪುಗಳು ಬಹಳ ಮಟ್ಟಿಗೆ ಬೇರೆಯಾಗಿ ನಿಲ್ಲುತ್ತವೆ, 4 ಮತ್ತು 9 ಅಕ್ಕಪಕ್ಕ ತಾಗಿಕೊಂಡಿರುತ್ತವೆ. ಪ್ರಯೋಗಾಲಯದಲ್ಲಿ ಬೇರೆ ಬೇರೆ ದಿನ ಪರೀಕ್ಷಿಸಿದ ಮಾದರಿಗಳು ದಿನದ ಲೆಕ್ಕದಲ್ಲೇ ಗುಂಪುಗೂಡಿದ್ದರೆ ಅದನ್ನು ಬಯಲಿಗೆಳೆಯುವುದರಲ್ಲೂ ಇವು ಚುರುಕು. ಇನ್ನೂ ಹೆಸರಿಡದ ಗುಂಪೊಂದು ಇರಬಹುದೇ ಎಂಬ ಅನುಮಾನ ಹುಟ್ಟಿಸಲು ಇವು ಬೇಕು. ಆ ಅನುಮಾನಕ್ಕೆ ಪುರಾವೆ ಮಾತ್ರ ಬೇರೆಡೆ ಹುಡುಕಬೇಕು.

ಹೇಗೆ ಹುಡುಕುವುದು? ಎಲ್ಲಕ್ಕಿಂತ ಸುಲಭವಾದದ್ದು ಅಂಕಿಗಳನ್ನು ಬದಲಿಸಿ ಮತ್ತೆ ಮತ್ತೆ ಬರೆಯಿಸುವುದು. n_neighbors 15ರ ಬದಲು 5, 50, 200 ಇಟ್ಟು ನೋಡಬೇಕು, ಯಾದೃಚ್ಛಿಕ ಆರಂಭವನ್ನೂ ಬದಲಿಸಬೇಕು. ಒಂದರಲ್ಲಿ ಕಂಡು ಮತ್ತೊಂದರಲ್ಲಿ ಕಾಣೆಯಾಗುವ ದ್ವೀಪವನ್ನು ನಂಬಬಾರದು. ನೆರೆಯವರ ಸಂಖ್ಯೆ ತೀರ ಸಣ್ಣದಾದರೆ ಏನೂ ಇಲ್ಲದ ಕಡೆಯೂ ಗುಂಪು ಕಾಣುತ್ತದೆ. ನೂರು ಆಯಾಮಗಳಲ್ಲಿ ಮನಬಂದಂತೆ ಚೆಲ್ಲಿದ ಐನೂರು ಚುಕ್ಕೆಗಳನ್ನು ಪರ್ಪ್ಲೆಕ್ಸಿಟಿ 2 ಇಟ್ಟು ಟಿ-ಸ್ನೀಗೆ ಕೊಟ್ಟರೆ ಸಣ್ಣ ಸಣ್ಣ ಮುದ್ದೆಗಳು ಏಳುತ್ತವೆ, 30 ಇಟ್ಟರೆ ಒಂದೇ ದುಂಡು ಮೋಡ. 2016ರ ಅದೇ ಪ್ರಯೋಗಗಳಲ್ಲಿ ಇದನ್ನೂ ತೋರಿಸಿದ್ದಾರೆ.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಮೂಲ ದತ್ತಾಂಶಕ್ಕೆ ಹಿಂದಿರುಗುವುದು. ಚಿತ್ರದಲ್ಲಿ ಎರಡು ದ್ವೀಪಗಳ ನಡುವೆ ಬಯಲು ಕಂಡರೆ, ಎದುರುಬದುರು ಅಂಚಿನಲ್ಲಿರುವ ಕೆಲವರನ್ನು ಆರಿಸಿಕೊಂಡು ಅವರ ನಡುವಿನ ನಿಜವಾದ ದೂರವನ್ನು ಅಳೆಯಬೇಕು. ಅದೇ ದ್ವೀಪದೊಳಗಿನ ಇಬ್ಬರ ನಡುವಿನ ದೂರಕ್ಕಿಂತ ಅದು ಹೆಚ್ಚೇನೂ ಇಲ್ಲವೆಂದಾದರೆ ಆ ಬಯಲು ಚಿತ್ರದ್ದು, ದತ್ತಾಂಶದ್ದಲ್ಲ. ಇನ್ನೊಂದು ದಾರಿ, ಪ್ರತಿ ತಾಣದ ಅಂಕಿಗಳನ್ನು ಜನರ ನಡುವೆ ಬೇಕೆಂದೇ ಕಲಸಿಬಿಡುವುದು. ಆಗ ತಾಣ ತಾಣಗಳ ನಡುವಿನ ನಂಟೆಲ್ಲ ಕಳಚುತ್ತದೆ, ಗುಂಪುಗಳೂ ಅಳಿಯಬೇಕು. ಕಲಸಿದ ದತ್ತಾಂಶದಲ್ಲೂ ದ್ವೀಪ ಎದ್ದರೆ ಮೊದಲ ಚಿತ್ರದ ದ್ವೀಪಕ್ಕೂ ಬೆಲೆಯಿಲ್ಲ. ಗುಂಪುಗಳನ್ನು ಎಣಿಸುವ ಲೆಕ್ಕವನ್ನು ಎರಡು ಆಯಾಮದ ಚಿತ್ರದ ಮೇಲೆ ನಡೆಸುವ ರೂಢಿಯೂ ಹಲವೆಡೆ ಇದೆ. ಅದು ಬಿಡಬೇಕಾದ ರೂಢಿ, ಏಕೆಂದರೆ ಸೂತ್ರವೇ ಸೃಷ್ಟಿಸಿದ ಖಾಲಿ ಜಾಗವನ್ನು ಮತ್ತೊಂದು ಸೂತ್ರ ಗಡಿಯೆಂದು ದೃಢೀಕರಿಸಿದಂತಾಗುತ್ತದೆ.

ಈ ಮಾತು ನಮಗೆ ದೂರದ್ದಲ್ಲ. ಜಿನೋಮ್‌ಇಂಡಿಯಾ ಯೋಜನೆ ದೇಶದ ನಾನಾ ಸಮುದಾಯಗಳ ಹತ್ತು ಸಾವಿರ ಜನರ ಪೂರ್ಣ ಜಿನೋಮ್ ಓದಿದೆ, ಆ ದತ್ತಾಂಶವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲಾಯಿತು. ಅದರ ಸಮನ್ವಯ ನಡೆದದ್ದು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದಿಂದ. ಭಾರತದ ಜನರ ತಳಿ ಚಿತ್ರಕ್ಕೆ ಎರಡು ಮುಖಗಳಿವೆ. 2009ರಲ್ಲಿ ಡೇವಿಡ್ ರೈಖ್, ಹೈದರಾಬಾದಿನ ಸಿಸಿಎಂಬಿಯ ತಂಗರಾಜ್ ಮತ್ತು ಲಾಲ್‌ಜಿ ಸಿಂಗ್ ಮುಂತಾದವರು ತೋರಿಸಿದಂತೆ ಬಹುಪಾಲು ಸಮುದಾಯಗಳು ಎರಡು ಪ್ರಾಚೀನ ಮೂಲಗಳ ಬೇರೆ ಬೇರೆ ಪ್ರಮಾಣದ ಬೆರಕೆಗಳು, ಒಂದೇ ಇಳಿಜಾರಿನ ಮೇಲೆ ಸಾಲಾಗಿ ನಿಂತವರು. ಜೊತೆಗೆ ಬಹುಕಾಲ ಜಾತಿಯೊಳಗೇ ಮದುವೆ ನಡೆದದ್ದರಿಂದ ಒಂದೊಂದು ಸಮುದಾಯದವರು ತಮ್ಮ ತಮ್ಮಲ್ಲಿ ಹೆಚ್ಚು ಹೋಲುತ್ತಾರೆ. ನೆರೆಯವರ ಚೀಟಿಯಷ್ಟನ್ನೇ ಓದುವ ವಿಧಾನಕ್ಕೆ ಎರಡನೆಯ ಮುಖ ಮಾತ್ರ ಕಾಣುವ ಅಪಾಯವಿದೆ. ಇಳಿಜಾರು ಮಾಯವಾಗಿ, ಜಾತಿಗೊಂದು ದ್ವೀಪ ಬಿಳಿ ಹಾಳೆಯ ಮೇಲೆ ಏಳಬಹುದು. ಅಂಥ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿದರೆ ಅದರ ಜೊತೆ ಪ್ರಬಂಧದ ಅಡಿಟಿಪ್ಪಣಿ ಹಾರುವುದಿಲ್ಲ.

ಆದ್ದರಿಂದ ನಮ್ಮ ಸಂಶೋಧಕರಲ್ಲಿ ಒಂದು ಕೋರಿಕೆ. ಜನರ ಜಿನೋಮ್ ಕುರಿತ ಯೂಮ್ಯಾಪ್ ಚಿತ್ರವನ್ನು ಒಂಟಿಯಾಗಿ ಅಚ್ಚು ಹಾಕಬೇಡಿ. ಪಕ್ಕದಲ್ಲೇ ಪಿಸಿಎ ಚಿತ್ರವಿರಲಿ, ಪ್ರತಿ ವ್ಯಕ್ತಿಯ ವಂಶಮೂಲದ ಪಾಲನ್ನು ತೋರಿಸುವ ಪಟ್ಟಿಯಿರಲಿ, ಬಳಸಿದ ಅಂಕಿಗಳು ಚಿತ್ರದ ಕೆಳಗೇ ಬರಲಿ, ದ್ವೀಪಗಳ ನಡುವಿನ ದೂರಕ್ಕೂ ಅವುಗಳ ಗಾತ್ರಕ್ಕೂ ಅರ್ಥವಿಲ್ಲ ಎಂಬ ಒಂದು ಸಾಲು ಕನ್ನಡದಲ್ಲೂ ಇರಲಿ. ಓದುಗರಲ್ಲೂ ಒಂದು ಮಾತು. ಬಣ್ಣದ ದ್ವೀಪಗಳ ಚಿತ್ರ ತೋರಿಸಿ ಇವರು ಬೇರೆ, ಅವರು ಬೇರೆ ಎಂದು ಯಾರಾದರೂ ಹೇಳಿದರೆ, ಎಷ್ಟು ನೆರೆಯವರನ್ನು ಇಟ್ಟು ಬರೆದದ್ದು, ನಡುವಿನ ಜನ ಎಲ್ಲಿ ಹೋದರು ಎಂದು ಕೇಳಿ.